ಲಗ್ನಪತ್ರಿಕೆಯ ತಲೆಸಾಲು ಎರಡೂ ಮನೆಯದಾಗಲಿ

ನಮ್ಮ ಬಹುಪಾಲು ಲಗ್ನಪತ್ರಿಕೆಗಳಲ್ಲಿ ಮೊದಲ ಜಾಗ ದೇವರದು. ನಡುವೆ ಗಣಪತಿಯ ಸ್ಮರಣೆ, ಅಕ್ಕಪಕ್ಕದಲ್ಲಿ ‘ಶ್ರೀ ನಂಜುಂಡೇಶ್ವರ ಪ್ರಸನ್ನ’, ‘ಶ್ರೀ ಚೌಡೇಶ್ವರಿ ಪ್ರಸನ್ನ’ ಎಂದು ಮನೆದೇವರ ಹೆಸರು. ಬಸವಣ್ಣನವರ ಅನುಯಾಯಿಗಳ ಮನೆಯಾದರೆ ‘ಓಂ ಶ್ರೀ ಗುರು ಬಸವಲಿಂಗಾಯ ನಮಃ’. ಅದರ ಕೆಳಗೆ ‘ಶುಭ ವಿವಾಹ’. ಇಷ್ಟಾದ ಮೇಲೆ ವಧೂವರರ ಹೆಸರಿಗೆ ಮುಂಚೆ ಒಂದೆರಡು ಸಾಲಿಗೆ ಜಾಗ ಉಳಿಯುತ್ತದೆ. ಎರಡು ಮನೆ ಒಂದಾಗುವ ಮಾತು ಬರಬೇಕಾದದ್ದು ಅಲ್ಲಿ.

ಅಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ ಕಡೆಯವರ ಮಾತನ್ನು ಹಾಕುವುದು. ‘ನಮ್ಮ ಮನೆ ಬೆಳಗಲು ಬರುತ್ತಿದ್ದಾಳೆ’ ಎಂಬುದು ಗಂಡಿನ ಕಡೆಯವರಿಗೆ ಸಂಭ್ರಮ. ಅದೇ ಪತ್ರಿಕೆ ಬೀಗರ ಮನೆಗೆ ಹೋದಾಗ, ಮಗಳನ್ನು ಕಳಿಸುವ ತಾಯಿಗೆ ಆ ಸಾಲಿನಲ್ಲಿ ಜಾಗವೇ ಇರುವುದಿಲ್ಲ. ‘ಮಗಳನ್ನು ಧಾರೆಯೆರೆದು ಕೊಡುತ್ತಿದ್ದೇವೆ’ ಎಂದರೂ ಅಷ್ಟೇ, ಅದು ಹೆಣ್ಣಿನ ಕಡೆಯ ಮಾತಾಗಿ ನಿಂತುಬಿಡುತ್ತದೆ. ಎರಡು ಕುಟುಂಬಗಳ ಸಾಲು ಎರಡು ಮನೆಯ ಜಗಲಿಯಲ್ಲೂ ಒಂದೇ ಅರ್ಥ ಕೊಡಬೇಕು.

ಒಂದು ಸಾಲನ್ನು ತಿದ್ದಿ ನೋಡೋಣ. ‘ಎರಡು ಪವಿತ್ರ ಹೃದಯಗಳ ಮಧುರ ಮಿಲನದಿಂದ ಎರಡು ಕುಟುಂಬಗಳು ಒಂದಾಗುತ್ತಿರುವ ಈ ಶುಭ ಸಂದರ್ಭದಲ್ಲಿ’ ಎಂದು ಬರೆದುಕೊಂಡಿದ್ದೀರಿ ಎನ್ನಿ. ಹೃದಯ, ಮಿಲನ, ಪವಿತ್ರ, ಮಧುರ ಎಲ್ಲವೂ ಯಾವ ಮದುವೆಗಾದರೂ ಹೊಂದುವಂಥವು, ತೆಗೆಯಿರಿ. ‘ಶುಭ ಸಂದರ್ಭದಲ್ಲಿ’ ಎಂಬುದು ಕೆಳಗಿನ ಒಕ್ಕಣೆಯಲ್ಲಿ ಹೇಗೂ ಬರುತ್ತದೆ. ಉಳಿಯುವುದು ಎರಡು ಕುಟುಂಬ ಒಂದಾಗುವ ವಿಷಯ. ಅದನ್ನು ಮನೆಮಾತಿಗೆ ತಂದರೆ ಹೀಗಾಗುತ್ತದೆ:

ನಿನ್ನೆಯವರೆಗೆ ಎರಡು ಮನೆ
ಇಂದಿನಿಂದ ಒಂದೇ ಬಳಗ

ಇನ್ನೂ ಚಿಕ್ಕದು ಬೇಕೆಂದರೆ ‘ಎರಡು ಹೊಸಿಲು, ಒಂದೇ ಅಂಗಳ’. ಹಿರಿಯರ ಹರಕೆಯಂತೆ ಇರಲಿ ಎನ್ನುವವರಿಗೆ ‘ಜೋಡಿ ಬಾಳಲಿ, ಎರಡು ಮನೆ ಒಂದಾಗಲಿ’. ಮೂರರಲ್ಲಿ ನನಗೆ ಮೊದಲನೆಯದೇ ಮೆಚ್ಚು. ಬೀಗತನ ಬೆಳೆದ ಬಗೆ ಅದರಲ್ಲಿದೆ.

ಸಾಲು ಸಿದ್ಧವಾದರೂ ಅಚ್ಚಿನಲ್ಲಿ ಕೆಡಬಹುದು. ಸಾಲನ್ನು ಅರ್ಥ ಮುಗಿಯುವಲ್ಲಿ ಮುರಿಯಬೇಕು. ‘ಒಂದೇ’ ಮೇಲುಳಿದು ‘ಬಳಗ’ ಕೆಳಗಿಳಿದರೆ ಓದುವವರು ಎಡವುತ್ತಾರೆ. ಎರಡು ಸಾಲುಗಳ ನಡುವೆ ಒತ್ತಕ್ಷರಕ್ಕೆ ತೆರಪು ಬಿಡದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ತುಂಬಾ ಬಳುಕುವ ಅಕ್ಷರಶೈಲಿಯಲ್ಲಿ ಹೊನ್ನಿನ ಬಣ್ಣ ಬಳಿದರೆ ವಯಸ್ಸಾದವರಿಗೆ ಓದುವುದೇ ಕಷ್ಟ. ‘ಅಹ್ವಾನ’, ‘ಅಶೀರ್ವಾದ’ ಎಂದು ದೀರ್ಘ ತಪ್ಪುವುದೂ ಸಾಮಾನ್ಯ, ಎರಡೂ ‘ಆ’ಕಾರದಿಂದಲೇ ಶುರುವಾಗಬೇಕು.

ಮುದ್ರಣಕ್ಕೆ ಒಪ್ಪಿಗೆ ಕೊಡುವ ಮುನ್ನ ಕರಡನ್ನು ಬೀಗರಿಗೂ ಕಳಿಸಿ, ಅವರ ಮನೆಯ ಹಿರಿಯರೊಬ್ಬರು ಅದನ್ನು ಗಟ್ಟಿಯಾಗಿ ಓದಲಿ. ಅವರು ತಡವರಿಸಿದ ಕಡೆ ಮತ್ತೊಮ್ಮೆ ತಿದ್ದಿ.