ಎಸಿ ರಿಪೇರಿ ಮಾಡುವುದಿಲ್ಲ, ಭದ್ರಾವತಿಗೆ ಬುಧವಾರ ಬರುತ್ತೇವೆ

ಫ್ರಿಜ್ ಕೆಟ್ಟ ಮನೆಯವರಿಗೆ ಕೂತು ಓದುವ ವ್ಯವಧಾನ ಇರುವುದಿಲ್ಲ. ಹಾಲು ಒಡೆಯುವ ಮೊದಲು ಯಾರಾದರೂ ಬಂದು ನೋಡಿದರೆ ಸಾಕಾಗಿರುತ್ತದೆ. ಮೊಬೈಲಿನಲ್ಲಿ ‘ಫ್ರಿಜ್ ರಿಪೇರಿ’ ಎಂದು ಹುಡುಕುತ್ತಾರೆ, ಗೂಗಲ್ ನಕ್ಷೆಯ ಜೊತೆಗೆ ಮೂರ್ನಾಲ್ಕು ಅಂಗಡಿಗಳನ್ನು ತೋರಿಸುತ್ತದೆ, ಅದರಲ್ಲೊಂದನ್ನು ಒತ್ತುತ್ತಾರೆ. ಅವರಿಗೆ ಬೇಕಾದದ್ದು ಮೂರೇ ಸಂಗತಿ. ಇವರು ನನ್ನ ಮಷಿನ್ ನೋಡುತ್ತಾರಾ? ನಮ್ಮ ಏರಿಯಾಕ್ಕೆ ಬರುತ್ತಾರಾ? ಈಗ ಅಂಗಡಿ ತೆಗೆದಿದೆಯಾ?

ಆದರೆ ಅಂಗಡಿಯವರು ಬರೆದುಕೊಂಡಿರುವುದು ಸಾಮಾನ್ಯವಾಗಿ ಹೀಗಿರುತ್ತದೆ: “ನಗರದ ನಂ. 1 ವಿಶ್ವಾಸಾರ್ಹ ಸರ್ವಿಸ್ ಸೆಂಟರ್. ಎಲ್ಲಾ ಬಗೆಯ ಗೃಹೋಪಯೋಗಿ ವಸ್ತುಗಳನ್ನು ರಿಪೇರಿ ಮಾಡಿಕೊಡಲಾಗುವುದು. ಶಿವಮೊಗ್ಗ ಹಾಗೂ ಸುತ್ತಮುತ್ತ ಸೇವೆ ಲಭ್ಯ. ಗ್ರಾಹಕರ ತೃಪ್ತಿಯೇ ನಮ್ಮ ಗುರಿ. ಇಂದೇ ಕರೆ ಮಾಡಿ, ಮೊದಲ ಸರ್ವಿಸ್‌ಗೆ 20% ರಿಯಾಯಿತಿ!!!”

ಇದರಲ್ಲಿ ಸುಳ್ಳು ಇದೆ ಎಂದಲ್ಲ. ಆದರೆ ಇಷ್ಟನ್ನು ಓದಿಯೂ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಕ್ಕುವುದಿಲ್ಲ. ‘ಎಲ್ಲಾ ಬಗೆಯ’ ಎಂದಾಗ ಎಸಿ ಸೇರಿತೇ? ‘ಸುತ್ತಮುತ್ತ’ ಎಂದರೆ ಗೋಪಾಳವೇ, ಭದ್ರಾವತಿಯೇ, ತೀರ್ಥಹಳ್ಳಿಯೇ? ಇದನ್ನು ತಿದ್ದುವುದು ಹೇಗೆ ಎಂದು ನೋಡಲು ಶಿವಮೊಗ್ಗದ ವಿನೋಬನಗರದ ಒಂದು ರಿಪೇರಿ ಅಂಗಡಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ಮಾಲೀಕರೇ ಮೆಕ್ಯಾನಿಕ್, ಅಂಗಡಿ ನೋಡಿಕೊಳ್ಳಲು ಒಬ್ಬ ಹುಡುಗ, ಮನೆಮನೆಗೆ ಹೋಗಲು ಒಂದು ಸ್ಕೂಟರ್. ಇಂಥ ಅಂಗಡಿ ಎಲ್ಲ ಊರಲ್ಲೂ ಇದೆ.

ಬರೆಯಲು ಕೂರುವ ಮೊದಲು ಮಾಲೀಕರು ಮಾಡಬೇಕಾದ ಒಂದು ಕೆಲಸವಿದೆ. ಒಂದು ವಾರ ಬಂದ ಫೋನುಗಳಲ್ಲಿ ಜನ ಏನು ಕೇಳಿದರು ಎಂಬುದನ್ನು ಬಿಲ್ ಪುಸ್ತಕದ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳುವುದು. “ಎಸಿ ಮಾಡ್ತೀರಾ?” “ಭದ್ರಾವತಿಗೆ ಬರ್ತೀರಾ ಸಾರ್?” “ಮಿಕ್ಸಿ ತಗೊಂಡ್ಬರ್ಲಾ, ಮನೇಗೇ ಬರ್ತೀರಾ?” “ನೀವು ಕಂಪನಿಯವ್ರೇನಾ?” ಪದೇ ಪದೇ ಬರುವ ಪ್ರಶ್ನೆಗಳು ನಾಲ್ಕೈದಕ್ಕಿಂತ ಹೆಚ್ಚಿರುವುದಿಲ್ಲ. ಹೊಸ ವಿವರಣೆಗೆ ಅವೇ ಸಾಮಗ್ರಿ. ‘ನೀವು ವಿಶ್ವಾಸಾರ್ಹರಾ?’ ಎಂದು ಫೋನ್ ಮಾಡಿ ಕೇಳಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಬರೋಣ. 2021ರವರೆಗೆ ಇದನ್ನೇ ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು. ಪ್ರೊಫೈಲ್ ಇರುವ ಜಿಮೇಲ್ ಖಾತೆಯಲ್ಲೇ ಅಂಗಡಿಯ ಹೆಸರನ್ನು ಹುಡುಕಿದರೆ Edit profile ಎಂಬ ಗುಂಡಿ ಸಿಗುತ್ತದೆ. ಅದರೊಳಗೆ ಒಂದೊಂದು ಸಂಗತಿಗೂ ಬೇರೆ ಬೇರೆ ಜಾಗವಿದೆ. ವ್ಯಾಪಾರದ ವರ್ಗ, ವಿವರಣೆ, ಫೋನ್, ವಿಳಾಸ, ಸೇವಾ ಪ್ರದೇಶ, ಸಮಯ, ಎಲ್ಲವೂ ಪ್ರತ್ಯೇಕ. ಎಡವಟ್ಟಾಗುವುದು ಇಲ್ಲಿಯೇ. ಬರೆಯಲು ದೊಡ್ಡದಾಗಿ ಕಾಣುವುದು ವಿವರಣೆಯ ಜಾಗವಾದ್ದರಿಂದ ಜನ ಎಲ್ಲವನ್ನೂ ಅಲ್ಲಿಯೇ ತುಂಬುತ್ತಾರೆ. ‘ಈಗ ತೆರೆದಿದೆ’ ಎಂದು ಗೂಗಲ್ ತೋರಿಸುವುದು ಸಮಯದ ಜಾಗದಲ್ಲಿ ಕೊಟ್ಟದ್ದನ್ನು ನೋಡಿಕೊಂಡು. ವಿವರಣೆಯಲ್ಲಿ “ಬೆಳಿಗ್ಗೆ 9ರಿಂದ ರಾತ್ರಿ 8” ಎಂದು ಎಷ್ಟು ಚೆಂದವಾಗಿ ಬರೆದರೂ ಆ ಹಸಿರು ಅಕ್ಷರ ಬದಲಾಗುವುದಿಲ್ಲ. ಹಾಗಾಗಿ ತಿದ್ದುವ ಕೆಲಸದ ಮೊದಲರ್ಧವೆಂದರೆ ವಿವರಣೆಯಿಂದ ತೆಗೆಯುವುದು. ಸಮಯ ಸಮಯದ ಜಾಗಕ್ಕೆ, ಊರುಗಳು ಊರಿನ ಜಾಗಕ್ಕೆ, ಫೋನ್ ಫೋನಿನ ಜಾಗಕ್ಕೆ ಹೋಗಬೇಕು. ರಿಯಾಯಿತಿಯನ್ನು ಪೂರ್ತಿ ಬಿಡಬೇಕು, ಏಕೆಂದರೆ ವಿವರಣೆಯಲ್ಲಿ ಬೆಲೆ, ಆಫರ್‌ಗಳಿಗೆ ಒತ್ತು ಕೊಡಬಾರದು, ವೆಬ್ ಲಿಂಕ್ ಹಾಕಬಾರದು ಎಂದು ಗೂಗಲ್‌ನ ನಿಯಮವೇ ಹೇಳುತ್ತದೆ.

ಸಮಯದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಜನರ ಸಿಟ್ಟು ಹುಟ್ಟುವುದೇ ಅಲ್ಲಿಂದ. ನಮ್ಮ ವಿನೋಬನಗರದ ಅಂಗಡಿ ಬೆಳಿಗ್ಗೆ 9:30ಕ್ಕೆ ತೆಗೆಯುತ್ತದೆ, ರಾತ್ರಿ 8ಕ್ಕೆ ಮುಚ್ಚುತ್ತದೆ. ನಡುವೆ ಮಧ್ಯಾಹ್ನ 2ರಿಂದ 4ರವರೆಗೆ ಊಟಕ್ಕೆಂದು ಶಟರ್ ಎಳೆಯುತ್ತಾರೆ. ಪ್ರೊಫೈಲಿನಲ್ಲಿ ಮಾತ್ರ 9:30ರಿಂದ 8 ಎಂದು ಒಂದೇ ಸಾಲು. ಗೋಪಾಳದಿಂದ ಚೀಲದಲ್ಲಿ ಮಿಕ್ಸಿ ಹೊತ್ತು 2:45ಕ್ಕೆ ಬಂದವರಿಗೆ ಮೊಬೈಲ್ ‘ತೆರೆದಿದೆ’ ಎನ್ನುತ್ತದೆ, ಎದುರಿಗೆ ಶಟರ್ ಇಳಿದಿರುತ್ತದೆ. ಅವರು ಒಂದು ಸ್ಟಾರ್ ಕೊಟ್ಟರೆ ತಪ್ಪು ಅವರದಲ್ಲ. ಒಂದೇ ದಿನಕ್ಕೆ ಎರಡು ಅವಧಿ ಕೊಡಲು Hours ಜಾಗದಲ್ಲಿ ಅವಕಾಶವಿದೆ. 9:30ರಿಂದ 2 ಒಂದು, 4ರಿಂದ 8 ಇನ್ನೊಂದು. ಭಾನುವಾರಕ್ಕೆ ಮುಚ್ಚಿದೆ ಎಂದು ಗುರುತು ಮಾಡಬೇಕು, ಖಾಲಿ ಬಿಡಬಾರದು.

ಇನ್ನೊಂದು ಸಾಮಾನ್ಯ ಚಾಳಿ, 24 ಗಂಟೆ ತೆರೆದಿದೆ ಎಂದು ಹಾಕಿಕೊಳ್ಳುವುದು. “ಫೋನ್ ಯಾವಾಗ್ ಮಾಡಿದ್ರೂ ಎತ್ತೀನಲ್ಲ ಸಾರ್” ಎಂಬುದು ಮಾಲೀಕರ ಸಮರ್ಥನೆ. ಫೋನ್ ಎತ್ತುವುದು ಬೇರೆ, ಅಂಗಡಿಯಲ್ಲಿ ಆಳಿರುವುದು ಬೇರೆ. ಅಲ್ಲಿಗೆ ಬಂದವರಿಗೆ ಉತ್ತರಿಸಲು ಯಾರಾದರೂ ಇರುವ ಹೊತ್ತು ಮಾತ್ರ ಅಂಗಡಿಯ ಸಮಯ. ಮಾಲೀಕರು ಸ್ಕೂಟರ್ ಹತ್ತಿ ಹೊರಟಾಗ ಹುಡುಗನಿದ್ದರೆ ಅಂಗಡಿ ತೆರೆದಿದೆ ಎಂದೇ ಲೆಕ್ಕ. ಹುಡುಗನೂ ಇಲ್ಲದೆ ಬೀಗ ಹಾಕಿ ಹೋಗುವ ರೂಢಿಯಿದ್ದರೆ ಆ ಹೊತ್ತನ್ನು ತೆಗೆದುಬಿಡುವುದು ಲೇಸು.

ಹಬ್ಬದ ದಿನಗಳಿಗೆ Special hours ಎಂಬ ಪ್ರತ್ಯೇಕ ಜಾಗವಿದೆ. ದೊಡ್ಡ ಹಬ್ಬಗಳು ಬಂದಾಗ ಸಮಯ ಖಚಿತಪಡಿಸಿ ಎಂದು ಗೂಗಲ್ ತಾನೇ ನೆನಪಿಸುತ್ತದೆ. ಖಚಿತಪಡಿಸದಿದ್ದರೆ ‘ಸಮಯ ಬದಲಾಗಿರಬಹುದು’ ಎಂಬ ಅರ್ಥದ ಸಾಲೊಂದು ಕಾಣಿಸಿಕೊಳ್ಳುವುದೂ ಉಂಟು. ಕೋಟೆ ಮಾರಿಕಾಂಬ ಜಾತ್ರೆಗೆ ಊರೆಲ್ಲ ಅಂಗಡಿ ಮುಚ್ಚುವುದನ್ನು ಮಾತ್ರ ಅದು ನೆನಪಿಸುತ್ತದೆಂದು ನಂಬಿ ಕೂರುವಂತಿಲ್ಲ. ಆ ದಿನಾಂಕವನ್ನು ನಾವೇ ಹಾಕಬೇಕು.

ಊರುಗಳ ವಿಷಯದಲ್ಲಿ ಆಸೆಯೇ ತೊಂದರೆ. Service area ಎಂಬಲ್ಲಿ ಊರಿನ ಹೆಸರನ್ನೋ ಪಿನ್ ಕೋಡನ್ನೋ ಕೊಟ್ಟು 20ರವರೆಗೆ ಸೇರಿಸಬಹುದು. ಅಂಗಡಿಯಿಂದ ಗಾಡಿಯಲ್ಲಿ ಸುಮಾರು ಎರಡು ಗಂಟೆಗಿಂತ ದೂರ ಹೋಗಬಾರದು ಎಂಬುದು ಗೂಗಲ್‌ನ ಸೂಚನೆ. ಅಷ್ಟರೊಳಗೆ ಭದ್ರಾವತಿ, ತೀರ್ಥಹಳ್ಳಿ, ಸಾಗರ ಎಲ್ಲವೂ ಬರುತ್ತವೆ. “ಎಲ್ಲಾ ಹಾಕ್ಬಿಡಿ, ಜಾಸ್ತಿ ಜನಕ್ಕೆ ಕಾಣುತ್ತೆ” ಎನ್ನುತ್ತಾರೆ. ಕಾಣುವುದಿಲ್ಲ. ಸ್ಥಳೀಯ ಹುಡುಕಾಟದಲ್ಲಿ ಹುಡುಕಿದ ಮಾತಿಗೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರವಿದೆ, ಎಷ್ಟು ಹೆಸರುವಾಸಿ ಎಂಬ ಮೂರನ್ನು ನೋಡುವುದಾಗಿ ಗೂಗಲ್ ಹೇಳುತ್ತದೆ. ಪಟ್ಟಿಯಲ್ಲಿ ಸಾಗರ ಎಂದು ಸೇರಿಸಿದ ಮಾತ್ರಕ್ಕೆ ವಿನೋಬನಗರದ ಅಂಗಡಿ ಸಾಗರಕ್ಕೆ ಹತ್ತಿರವಾಗುವುದಿಲ್ಲ. ಒಂದು ಫ್ರಿಜ್ಜಿನ ಬಾಗಿಲಿನ ರಬ್ಬರ್ ಬದಲಿಸಲು ತೀರ್ಥಹಳ್ಳಿಗೆ ಹೋಗುತ್ತೀರಾ ಎಂದು ಕೇಳಿದರೆ ಮಾಲೀಕರೇ ನಗುತ್ತಾರೆ. ಹಾಗಿದ್ದ ಮೇಲೆ ಪಟ್ಟಿಯಲ್ಲಿ ಶಿವಮೊಗ್ಗ, ಭದ್ರಾವತಿ ಎರಡೇ ಸಾಕು.

ಅಂಗಡಿಯೇ ಇಲ್ಲದೆ ಮನೆಯಿಂದಲೇ ಹೊರಟು ರಿಪೇರಿ ಮಾಡುವವರು ವಿಳಾಸವನ್ನು ಮರೆಮಾಡಿ ಸೇವಾ ಪ್ರದೇಶವನ್ನಷ್ಟೇ ತೋರಿಸಬೇಕು. ಇಲ್ಲದಿದ್ದರೆ ಹೆಂಡತಿ ಮಕ್ಕಳು ಊಟಕ್ಕೆ ಕೂತಾಗ ಯಾರೋ ಗ್ರೈಂಡರ್ ಹಿಡಿದು ಬಾಗಿಲು ತಟ್ಟುತ್ತಾರೆ.

ಇಷ್ಟೆಲ್ಲ ಅದರದರ ಜಾಗಕ್ಕೆ ಹೋದ ಮೇಲೆ ವಿವರಣೆಗೆ ಉಳಿಯುವುದೇನು? ಬೇರೆ ಯಾವ ಜಾಗದಲ್ಲೂ ಹೇಳಲಾಗದ್ದು. ಭದ್ರಾವತಿ ಎಂದು ಪಟ್ಟಿಯಲ್ಲಿ ಹಾಕಬಹುದು, ಆದರೆ ಬುಧವಾರ ಮಾತ್ರ ಎಂದು ಹೇಳಲು ಅಲ್ಲಿ ಜಾಗವಿಲ್ಲ. ಮನೆಗೆ ಬರುವುದು ಯಾವುದಕ್ಕೆ, ಅಂಗಡಿಗೆ ತರಬೇಕಾದದ್ದು ಯಾವುದು, ಯಾವುದನ್ನು ಮುಟ್ಟುವುದೇ ಇಲ್ಲ, ಅದೇ ದಿನ ಬರಬೇಕಾದರೆ ಎಷ್ಟೊತ್ತಿಗೆ ಹೇಳಬೇಕು, ಇವೂ ಅಷ್ಟೆ. ಬಿಲ್ ಪುಸ್ತಕದ ಹಿಂಬದಿಯ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಬರೆದರೆ ಹೀಗಾಗುತ್ತದೆ:

“ಫ್ರಿಜ್, ವಾಷಿಂಗ್ ಮಷಿನ್, ಮಿಕ್ಸಿ ಮತ್ತು ಗ್ರೈಂಡರ್ ರಿಪೇರಿ. ಫ್ರಿಜ್, ವಾಷಿಂಗ್ ಮಷಿನ್‌ಗೆ ಶಿವಮೊಗ್ಗ ನಗರದೊಳಗೆ ಮನೆಗೇ ಬರುತ್ತೇವೆ, ಭದ್ರಾವತಿಗೆ ಬುಧವಾರ ಮಾತ್ರ. ಬೆಳಿಗ್ಗೆ 11ರೊಳಗೆ ಫೋನ್ ಮಾಡಿದರೆ ನಗರದೊಳಗೆ ಅದೇ ದಿನ ಬರುತ್ತೇವೆ. ಮಿಕ್ಸಿ, ಗ್ರೈಂಡರ್ ವಿನೋಬನಗರದ ಅಂಗಡಿಗೆ ತರಬೇಕು. ಎಸಿ, ಟಿವಿ ರಿಪೇರಿ ಮಾಡುವುದಿಲ್ಲ. ನಾವು ಯಾವ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರೂ ಅಲ್ಲ. ವಾರಂಟಿ ಇರುವ ಮಷಿನ್‌ಗೆ ಮೊದಲು ಕಂಪನಿಯನ್ನು ಕೇಳಿ.”

ವಿವರಣೆಗೆ ಇರುವ ಮಿತಿ 750 ಅಕ್ಷರ. ಕನ್ನಡದಲ್ಲಿ ಗುಣಿತ, ಒತ್ತು, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬಿಡಿಬಿಡಿಯಾಗಿ ಎಣಿಕೆಗೆ ಬರುತ್ತವೆ. ‘ಫ್ರಿಜ್’ ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿನ ಲೆಕ್ಕಕ್ಕೆ ಆರು. ಆದರೂ ಮೇಲಿನ ಸಾಲುಗಳು ಮಿತಿಯೊಳಗೇ ಇವೆ. ಇನ್ನೂ ಜಾಗವಿದೆಯಲ್ಲ ಎಂದು ‘ಗ್ರಾಹಕರೇ ದೇವರು’ ಸೇರಿಸುವ ಅಗತ್ಯವಿಲ್ಲ. ಪ್ರೊಫೈಲಿನಲ್ಲಿ ವಿವರಣೆ ಕಾಣುವುದೇ ಸಾಕಷ್ಟು ಕೆಳಗೆ. ಅಲ್ಲಿಯವರೆಗೆ ಬೆರಳು ಜಾರಿಸಿ ಬಂದವರು ಏನನ್ನೋ ಖಚಿತಪಡಿಸಿಕೊಳ್ಳಲೆಂದೇ ಬಂದಿರುತ್ತಾರೆ. ಆದ್ದರಿಂದ ಏನು ರಿಪೇರಿ, ಎಲ್ಲಿಗೆ ಬರುತ್ತೇವೆ ಎಂಬುದು ಮೊದಲೆರಡು ಸಾಲಿನಲ್ಲೇ ಇರಬೇಕು.

ಮಾಡುವುದಿಲ್ಲ ಎಂಬ ಸಾಲುಗಳಿಗೆ ಮಾಲೀಕರು ಹಿಂಜರಿಯುತ್ತಾರೆ, ಗಿರಾಕಿ ಕೈತಪ್ಪುತ್ತಾರೆಂಬ ಭಯ. ಎಸಿ ಗಿರಾಕಿ ಹೇಗೂ ನಮ್ಮವರಲ್ಲ. ಅವರ ಫೋನ್ ತಪ್ಪಿದರೆ ಕೈ ಗ್ರೀಸಾಗಿರುವಾಗ ಮೊಬೈಲ್ ಎತ್ತುವ ಕಷ್ಟವೊಂದು ತಪ್ಪುತ್ತದೆ. ‘ಅಧಿಕೃತ ಅಲ್ಲ’ ಎಂಬ ಸಾಲಂತೂ ಇರಲೇಬೇಕು. ದೊಡ್ಡ ಕಂಪನಿಯ ಹೆಸರನ್ನು ತೋರಿಸಿ ಅವರದೇ ಸರ್ವಿಸ್ ಸೆಂಟರ್ ಎಂಬಂತೆ ನಟಿಸುವ ಪ್ರೊಫೈಲುಗಳಿಂದ ಮೋಸಹೋದವರು ಬಹಳ. ಹಾಗೆ ನಟಿಸಿದ ಪ್ರೊಫೈಲನ್ನು ಗೂಗಲ್ ಅಮಾನತು ಮಾಡಲೂಬಹುದು. ಅಂಗಡಿಯ ಹೆಸರಿನ ಜಾಗದಲ್ಲಿ ‘ಬೆಸ್ಟ್ ಫ್ರಿಜ್ ರಿಪೇರಿ ಶಿವಮೊಗ್ಗ’ ಎಂದು ತುಂಬುವುದಕ್ಕೂ ಇದೇ ಗತಿ. ಬೋರ್ಡಿನ ಮೇಲೆ ಏನಿದೆಯೋ ಅದಷ್ಟೇ ಹೆಸರು.

ಹುಡುಕಾಟದಲ್ಲಿ ಅಂಗಡಿ ಮೇಲೆ ಬರಲು ಈ ವಿವರಣೆಯನ್ನು ನೆಚ್ಚಿಕೊಳ್ಳಬಾರದು. ಯಾವ ಹುಡುಕಾಟಕ್ಕೆ ಅಂಗಡಿ ಹೊಂದುತ್ತದೆ ಎಂದು ಹೇಳಲು ವರ್ಗವಿದೆ. ಇಲ್ಲಿ ಮುಖ್ಯ ವರ್ಗ Appliance repair service, ಜೊತೆಗೆ Refrigerator repair service. ಮಾಡದ ಎಸಿ ಕೆಲಸದ ವರ್ಗವನ್ನು ಆಸೆಗೆ ಸೇರಿಸಿಟ್ಟರೆ ವಿವರಣೆಯಲ್ಲಿ ‘ಎಸಿ ಇಲ್ಲ’ ಎಂದು ಬರೆದೂ ಆ ಫೋನುಗಳು ನಿಲ್ಲುವುದಿಲ್ಲ. ಯಾವ ಪದ ಹುಡುಕಿ ಜನ ಬಂದರು ಎಂಬ ಪಟ್ಟಿ Performance ಎಂಬಲ್ಲಿ ಸಿಗುತ್ತದೆ. ಅದರಲ್ಲಿ ‘ಎಸಿ ರಿಪೇರಿ’ ಮೇಲೆಯೇ ಇದ್ದರೆ ತಪ್ಪು ವರ್ಗದಲ್ಲಿದೆಯೇ ಎಂದು ಮೊದಲು ನೋಡಬೇಕು.

ಉಳಿಸಿದ ಬದಲಾವಣೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಪರಿಶೀಲನೆಯಾಗುತ್ತದೆ, ಕೆಲವೊಮ್ಮೆ 30 ದಿನದವರೆಗೂ ಹಿಡಿಯಬಹುದು. ಬರಲಿಲ್ಲವೆಂದು ಅದನ್ನೇ ಮತ್ತೆ ಮತ್ತೆ ತಿದ್ದುವುದರಿಂದ ಗೊಂದಲವೇ ಹೆಚ್ಚು. ನೋಡುವಾಗ ಮಾಲೀಕರ ಮೊಬೈಲಿನಲ್ಲಿ ನೋಡದೆ ಅಂಗಡಿಯ ಹುಡುಗನ ಮೊಬೈಲಿನಲ್ಲಿ ನೋಡಬೇಕು, ಮಧ್ಯಾಹ್ನ ಮೂರು ಗಂಟೆಗೆ ನೋಡಿದರೆ ಇನ್ನೂ ಒಳ್ಳೆಯದು. ಆಗಲೂ ‘ತೆರೆದಿದೆ’ ಎಂದೇ ಇದ್ದರೆ ಊಟದ ಬಿಡುವು ಇನ್ನೂ ದಾಖಲಾಗಿಲ್ಲ, ಇಲ್ಲವೇ ಬೇರೆಯವರು ಬದಲಿಸಿದ್ದಾರೆ. ಏಕೆಂದರೆ ನಕ್ಷೆ ನೋಡುವ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು, ಗೂಗಲ್ ಅದನ್ನು ಒಪ್ಪಲೂಬಹುದು. ಆ ಬಗ್ಗೆ ಬರುವ ಇಮೇಲ್ ಪ್ರೊಫೈಲ್ ಮಾಡಿಕೊಟ್ಟ ಕಂಪ್ಯೂಟರ್ ಸೆಂಟರಿನವರ ಜಿಮೇಲಿಗೆ ಹೋಗುತ್ತಿದ್ದರೆ ಮಾಲೀಕರ ಕಣ್ಣಿಗೆ ಬೀಳುವುದೇ ಇಲ್ಲ. ಪ್ರೊಫೈಲಿನ ಒಡೆತನವನ್ನು ಮೊದಲು ತಮ್ಮ ಖಾತೆಗೆ ಬರೆಸಿಕೊಳ್ಳಬೇಕು.