ಪಾಸ್‌ವರ್ಡ್ ಕಳುವಾದ ಮೇಲೆ ಬರೆಯುವ ವರದಿ

ಕಚೇರಿಯಲ್ಲಿ ಯಾರದೋ ಇಮೇಲ್ ಪಾಸ್‌ವರ್ಡ್ ಕಳ್ಳರ ಪಾಲಾಗಿದೆ ಎಂದು ಗೊತ್ತಾದ ಮೇಲೆ ಆಡಳಿತಕ್ಕೆ ಒಂದು ವರದಿ ಹೋಗುತ್ತದೆ. ‘ಇಂಥವರು ಎಚ್ಚರ ತಪ್ಪಿ ಲಿಂಕ್ ಒತ್ತಿದರು, ಪಾಸ್‌ವರ್ಡ್ ಬದಲಿಸಿದ್ದೇವೆ, ಸಿಬ್ಬಂದಿಗೆ ತರಬೇತಿ ಕೊಡುತ್ತೇವೆ’ ಎಂಬಲ್ಲಿಗೆ ಅದು ಮುಗಿದರೆ ಮೇಲಿನವರಿಗೆ ತಿಳಿಯಬೇಕಾದದ್ದು ತಿಳಿಯುವುದೇ ಇಲ್ಲ. ಅಮೆರಿಕದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ.

2016ರ ಮಾರ್ಚ್ 19, ಶನಿವಾರ. ಹಿಲರಿ ಕ್ಲಿಂಟನ್ ಅವರ ಚುನಾವಣಾ ಪ್ರಚಾರ ಸಮಿತಿಯ ಅಧ್ಯಕ್ಷ ಜಾನ್ ಪೊಡೆಸ್ಟಾ ಅವರ ಜಿಮೇಲ್‌ಗೆ ಗೂಗಲ್ ಹೆಸರಿನಲ್ಲಿ ಒಂದು ಪತ್ರ ಬಂತು. ನಿಮ್ಮ ಪಾಸ್‌ವರ್ಡ್ ಬಳಸಿ ಉಕ್ರೇನ್‌ನಿಂದ ಯಾರೋ ಒಳಬರಲು ನೋಡಿದ್ದಾರೆ, ಕೂಡಲೇ ಬದಲಿಸಿ ಎಂದು ಅದರಲ್ಲಿತ್ತು. ಕೆಳಗೊಂದು ನೀಲಿ ಬಟನ್, ಅದರ ಹಿಂದೆ ಬಿಟ್ಲಿಯಲ್ಲಿ ಮೊಟಕುಗೊಳಿಸಿದ ಲಿಂಕ್. ಒತ್ತಿದರೆ ತೆರೆಯುತ್ತಿದ್ದ ಪುಟದ ವಿಳಾಸ ಹೀಗಿತ್ತು:

```
myaccount.google.com-securitysettingpage.tk
```

ಆರಂಭ ನೋಡಿದವರಿಗೆ ಇದು ಗೂಗಲ್‌ನದೇ ಅನ್ನಿಸುತ್ತದೆ. ಆದರೆ ಜಾಲತಾಣದ ಒಡೆಯ ಯಾರೆಂಬುದನ್ನು ಹೆಸರಿನ ಕೊನೆಯಿಂದ ಹಿಂದಕ್ಕೆ ಓದಿ ತಿಳಿಯಬೇಕು. google.com ಆದ ಮೇಲೆ ಓರೆಗೆರೆ ಇಲ್ಲ, ಅಡ್ಡಗೆರೆ ಇದೆ. ಹಾಗಾಗಿ ನಿಜವಾದ ತಾಣ com-securitysettingpage.tk. ಮುಂದಿರುವ myaccount.google ಎಂಬುದನ್ನು ಆ ತಾಣದ ಒಡೆಯರು ತಮಗೆ ಬೇಕಾದಂತೆ ಸೇರಿಸಿಕೊಂಡದ್ದು.

ಪೊಡೆಸ್ಟಾ ಕಡೆಯವರು ಕಣ್ಣುಮುಚ್ಚಿ ಬಟನ್ ಒತ್ತಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಅನುಮಾನ ಬಂದು ಪತ್ರವನ್ನು ಕಂಪ್ಯೂಟರ್ ಸಹಾಯ ವಿಭಾಗಕ್ಕೆ ಕಳಿಸಿ ಕೇಳಿದರು. ತರಬೇತಿಯಲ್ಲಿ ಹೇಳಿಕೊಡುವುದೂ ಇದನ್ನೇ. ಅಲ್ಲಿಂದ ಬಂದ ಉತ್ತರ: ಪತ್ರ ಅಸಲಿ, ಕೂಡಲೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಆನ್ ಆಗಿದೆಯೇ ನೋಡಿಕೊಳ್ಳಿ. ಉತ್ತರದಲ್ಲಿ ಗೂಗಲ್‌ನ ಸರಿಯಾದ ಲಿಂಕೂ ಇತ್ತು. ಆದರೆ ಅದೇ ಪತ್ರಸರಣಿಯ ಕೆಳಗೆ ಮೋಸದ ಬಟನ್ ಹಾಗೇ ಉಳಿದಿತ್ತು, ಅದು ಒತ್ತಿಹೋಯಿತು. ನಕಲಿ ಎಂದು ಬರೆಯಲು ಹೋಗಿ ಅಸಲಿ ಎಂದು ಬರೆದೆ ಎಂದು ಉತ್ತರಿಸಿದ ನೌಕರರು ಆಮೇಲೆ ಹೇಳಿದರು. ಒಂದೆರಡು ದಿನದಲ್ಲೇ 50,000ಕ್ಕೂ ಹೆಚ್ಚು ಪತ್ರಗಳು ಕಳುವಾದವು ಎಂದು 2018ರ ಜುಲೈನಲ್ಲಿ ರಷ್ಯಾದ ಸೇನಾ ಗುಪ್ತಚರ ವಿಭಾಗದ 12 ಅಧಿಕಾರಿಗಳ ಮೇಲೆ ಹೊರಿಸಿದ ದೋಷಾರೋಪ ಹೇಳುತ್ತದೆ. ವಿಕಿಲೀಕ್ಸ್ ಅವನ್ನು ಪ್ರಕಟಿಸತೊಡಗಿದ್ದು 2016ರ ಅಕ್ಟೋಬರ್ 7ರಂದು, ಅಂದರೆ ಆರು ತಿಂಗಳಿಗೂ ಹೆಚ್ಚು ಕಾಲದ ನಂತರ.

ಈ ಘಟನೆಯ ವರದಿಯನ್ನು ‘ಯಾರು ಒತ್ತಿದರು’ ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ನಿಜವಾದ ಬಿರುಕು ಕಾಣುವುದಿಲ್ಲ. ಪರಿಶೀಲನೆಗೆ ಬಂದ ಮೋಸದ ಪತ್ರಕ್ಕೆ ಅದೇ ಸರಣಿಯಲ್ಲಿ ಉತ್ತರ ಹೋಯಿತು, ಒಬ್ಬರ ಒಂದು ಪದದ ತಪ್ಪನ್ನು ತಡೆಯಲು ಎರಡನೇ ತಡೆ ಇರಲಿಲ್ಲ. ಆಡಳಿತ ಸರಿಪಡಿಸಬಹುದಾದದ್ದು ಇದನ್ನು. ಒತ್ತಿದವರ ಹೆಸರನ್ನು ವರದಿಯಲ್ಲಿ ಬರೆಯಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬರೆದರೆ ಮುಂದಿನ ಸಲ ಒತ್ತಿದವರು ಬಾಯಿಬಿಡುವುದಿಲ್ಲ, ಕಳ್ಳನಿಗೆ ಇನ್ನಷ್ಟು ದಿನ ಸಿಗುತ್ತದೆ.

ಎರಡನೆಯದು, ಕಳ್ಳ ಈಗ ಹೊರಗಿದ್ದಾನೆಯೇ ಎಂಬ ಪ್ರಶ್ನೆ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಹೌದೆನ್ನಲಾಗದು. ಆತ ಆಗಲೇ ಲಾಗಿನ್ ಆಗಿದ್ದರೆ ಆ ಲಾಗಿನ್ ಮುಂದುವರಿಯಬಹುದು. ಎಲ್ಲ ಸಾಧನಗಳಿಂದಲೂ ಹೊರಹಾಕಬೇಕು. ಬರುವ ಪತ್ರಗಳ ಪ್ರತಿ ಹೊರಗಿನ ವಿಳಾಸಕ್ಕೆ ಹೋಗುವಂತೆ ನಿಯಮ ಇಟ್ಟಿರಬಹುದು. ಖಾತೆಗೆ ಯಾವುದಾದರೂ ಹೊರಗಿನ ಆ್ಯಪ್‌ಗೆ ಅನುಮತಿ ಕೊಟ್ಟಿರಬಹುದು. ಇವೆರಡೂ ಹೊಸ ಪಾಸ್‌ವರ್ಡ್ ಬಂದ ಮೇಲೂ ಉಳಿಯಬಹುದು. ಲಾಗಿನ್ ದಾಖಲೆಯಲ್ಲಿ ಅಪರಿಚಿತ ಊರು, ಅಪರಿಚಿತ ಸಾಧನ ಕಂಡರೆ ಒಳನುಗ್ಗಿದ ಹೊತ್ತು ತಿಳಿಯುತ್ತದೆ. ಆ ಹೊತ್ತಿನಿಂದ ಹೊರಹಾಕಿದ ಹೊತ್ತಿನವರೆಗೆ ಏನೇನು ತೆರೆಯಲಾಯಿತು ಎಂಬುದೇ ನಷ್ಟದ ಲೆಕ್ಕ.

ನಮ್ಮ ದೇಶದಲ್ಲಿ ಗಡಿಯಾರದ ಮಾತು ಇನ್ನೊಂದು ಕಾರಣಕ್ಕೂ ಮುಖ್ಯ. ಫಿಶಿಂಗ್ ದಾಳಿಯಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, ದಾಖಲೆಗಳನ್ನು 180 ದಿನ ಇಟ್ಟುಕೊಂಡಿರಬೇಕು ಎಂದು ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಬೆಂಗಳೂರಿನ ಕಂಪನಿಗೂ ಇದು ಅನ್ವಯ. ಆದ್ದರಿಂದ ‘ಯಾವಾಗ ಗೊತ್ತಾಯಿತು’ ಎಂಬ ಸಮಯ ವರದಿಯ ಮೊದಲ ಪುಟದಲ್ಲೇ ಇರಬೇಕು.

ಇನ್ನು ಆಡಳಿತದಿಂದ ಏನು ಕೇಳಬೇಕು? ಒಟಿಪಿ ಇದ್ದರೆ ಸಾಕು ಎನ್ನುವವರಿದ್ದಾರೆ. ಆದರೆ ನಕಲಿ ಪುಟ ಒಟಿಪಿಯನ್ನೂ ಕೇಳಿ, ಅದೇ ಕ್ಷಣ ಅಸಲಿ ತಾಣಕ್ಕೆ ದಾಟಿಸಿಬಿಡಬಲ್ಲದು. ಪಾಸ್‌ಕೀ ಅಥವಾ ಯುಎಸ್‌ಬಿ ಭದ್ರತಾ ಕೀಲಿ ಹಾಗಲ್ಲ. ಅದು ನೋಂದಣಿಯಾದ ತಾಣದ ಹೆಸರಿಗೆ ಕಟ್ಟುಬಿದ್ದಿರುತ್ತದೆ, ಅಡ್ಡಗೆರೆಯ ಆ.tk ತಾಣದಲ್ಲಿ ಅದು ಉತ್ತರವನ್ನೇ ಕೊಡುವುದಿಲ್ಲ, ಮನುಷ್ಯನ ಕಣ್ಣು ಮೋಸಹೋಗಿದ್ದರೂ. ಹಣಕಾಸು, ಸಿಬ್ಬಂದಿ ವಿಭಾಗ, ಹಿರಿಯ ಅಧಿಕಾರಿಗಳಿಂದ ಇದನ್ನು ಶುರು ಮಾಡಲು ಹಣ ಕೇಳಬಹುದು. ಜೊತೆಗೆ, ಕೀಲಿ ಕಳೆದುಹೋಗಿದೆ ಎಂದು ಫೋನ್ ಮಾಡಿದವರ ಗುರುತನ್ನು ಸಹಾಯ ವಿಭಾಗ ಹೇಗೆ ಪರೀಕ್ಷಿಸುತ್ತದೆ ಎಂಬುದನ್ನೂ ಅದೇ ವರದಿಯಲ್ಲಿ ಬರೆಯಬೇಕು. ಬಾಗಿಲು ಮುಚ್ಚಿದ ಮೇಲೆ ಕಳ್ಳರು ಬರುವುದು ಆ ಫೋನಿನ ಮೂಲಕವೇ.