ಏಳು ಸಾವಿರದಲ್ಲಿ ನಿಂತ ಗೆರೆ

2020ರ ಸೆಪ್ಟೆಂಬರ್ ಕೊನೆ. ಬ್ರಿಟನ್ ಸರ್ಕಾರದ ಕೊರೊನಾ ಡ್ಯಾಶ್‌ಬೋರ್ಡ್ ದಿನವೂ ಹೊಸ ಪ್ರಕರಣಗಳ ಸಂಖ್ಯೆ ಹೊರಡಿಸುತ್ತಿತ್ತು. 29ರಂದು 7,143. 30ರಂದು 7,108. ಅಕ್ಟೋಬರ್ 1ರಂದು 6,914, ಮರುದಿನ 6,968. ಗೆರೆ ಏಳು ಸಾವಿರದ ಆಸುಪಾಸಿನಲ್ಲಿ ಸಮತಟ್ಟಾಗಿತ್ತು. ಸೋಂಕು ಹಬ್ಬುವ ವೇಗ ತಗ್ಗಿತೇನೋ ಎಂದು ನೋಡಿದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಅಕ್ಟೋಬರ್ 4ರ ಭಾನುವಾರ ಅದೇ ಪರದೆಯ ಮೇಲೆ 22,961 ಎಂಬ ಸಂಖ್ಯೆ ಬಂತು. ಸೋಂಕು ಎರಡೇ ದಿನದಲ್ಲಿ ಮೂರು ಪಟ್ಟಾಗಿರಲಿಲ್ಲ. ಹಿಂದಿನ ಎಂಟು ದಿನಗಳಲ್ಲಿ ಇಂಗ್ಲೆಂಡಿನ 15,841 ಪ್ರಕರಣಗಳು ಲೆಕ್ಕದಿಂದ ಜಾರಿಹೋಗಿದ್ದವು. ಅವನ್ನು ಈಗ ಸೇರಿಸಲಾಗಿತ್ತು.

ಅಂಕಿಅಂಶ ಪ್ರಕಟಿಸುವ ಕಚೇರಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಬೇಕಾದ ಪ್ರಕರಣವಿದು. ಇಲ್ಲಿ ಯಾರೂ ಸಂಖ್ಯೆಯನ್ನು ತಿದ್ದಲಿಲ್ಲ, ಯಾವ ಕೂಡುವಿಕೆಯೂ ತಪ್ಪಲಿಲ್ಲ. ಪರದೆಗೆ ಬಂದ ಸಾಲುಗಳ ಮೊತ್ತ ಸರಿಯಾಗಿಯೇ ಇತ್ತು. ಬಾರದೇ ಉಳಿದ ಸಾಲುಗಳನ್ನು ಮಾತ್ರ ಯಾರೂ ಎಣಿಸಿರಲಿಲ್ಲ.

ಆದದ್ದು ಇಷ್ಟು. ಖಾಸಗಿ ಪ್ರಯೋಗಾಲಯಗಳು ಪರೀಕ್ಷೆಯ ಫಲಿತಾಂಶಗಳನ್ನು ಸರಳ ಪಠ್ಯ ಕಡತಗಳಾಗಿ ಕಳಿಸುತ್ತಿದ್ದವು. ಅಂಥ ಕಡತಕ್ಕೆ ಸಾಲುಗಳ ಮಿತಿ ಇಲ್ಲ. ಅದನ್ನು ಸ್ವೀಕರಿಸಿದ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ ಆ ಮಾಹಿತಿಯನ್ನು ಎಕ್ಸೆಲ್ ಹಾಳೆಗೆ ಇಳಿಸಿಕೊಳ್ಳುತ್ತಿತ್ತು. ಆ ಹಾಳೆ ಹಳೆಯ XLS ಮಾದರಿಯದು. ಅದರಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಒಬ್ಬ ವ್ಯಕ್ತಿಯ ಫಲಿತಾಂಶವೇ ಹಲವಾರು ಸಾಲು ಹಿಡಿಯುತ್ತಿದ್ದುದರಿಂದ ಒಂದು ಹಾಳೆಯಲ್ಲಿ ಸುಮಾರು 1,400 ಪ್ರಕರಣಗಳು ಮಾತ್ರ ಹಿಡಿಸುತ್ತಿದ್ದವು. ಹಾಳೆ ತುಂಬಿದ ಮೇಲೆ ಬಂದ ಸಾಲುಗಳು ಹೊರಗೇ ಉಳಿದವು. ಉಳಿದ ಭಾಗ ಎಂದಿನಂತೆ ಮುಂದಿನ ಹಂತಕ್ಕೆ ಹೋಯಿತು.

ದಿನವಾರು ಬಿಟ್ಟುಹೋದ ಲೆಕ್ಕವನ್ನು ಸಾಲಾಗಿ ನೋಡಿದರೆ ಸಮತಟ್ಟಾದ ಗೆರೆಯ ಗುಟ್ಟು ತಿಳಿಯುತ್ತದೆ. ಸೆಪ್ಟೆಂಬರ್ 25ಕ್ಕೆ 957, 26ಕ್ಕೆ 744, 27ಕ್ಕೆ 757. 28ರಂದು ಒಂದೂ ಇಲ್ಲ. 29ಕ್ಕೆ 1,415, 30ಕ್ಕೆ 3,049, ಅಕ್ಟೋಬರ್ 1ಕ್ಕೆ 4,133, 2ಕ್ಕೆ 4,786. ಓದುಗರು ಕೈಯಲ್ಲೇ ಕೂಡಿ ನೋಡಬಹುದು, 15,841 ಬರುತ್ತದೆ. ಸೋಂಕು ಹೆಚ್ಚಿದಷ್ಟೂ ಹಾಳೆಯಿಂದ ಹೊರಗುಳಿಯುವವರೂ ಹೆಚ್ಚಿದರು. ಹೀಗಾಗಿ ಏರಬೇಕಿದ್ದ ಗೆರೆ ಏರಲೇ ಇಲ್ಲ. ಅಕ್ಟೋಬರ್ 2ರ 6,968ಕ್ಕೆ ಅಂದು ಬಿಟ್ಟುಹೋದ 4,786 ಸೇರಿಸಿದರೆ 11,754.

ಸೋಂಕಿತರಿಗೆ ಅವರ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ವಿಭಾಗಕ್ಕೂ ಇದೇ ದಾರಿಯಿಂದ ಪಟ್ಟಿ ಹೋಗಬೇಕಿತ್ತು. ಅದು ದಿನಗಟ್ಟಲೆ ತಡವಾಯಿತು. ಈ ಸಂಗತಿ ಓದುವಾಗ ಮನಸ್ಸಿಗೆ ನಾಟುವುದು ಇದೇ: ತಮ್ಮ ಪಕ್ಕದಲ್ಲಿ ಕುಳಿತಿದ್ದವರಿಗೆ ಸೋಂಕಿತ್ತೆಂದು ತಿಳಿಯದೆ ಎಷ್ಟೋ ಜನ ಆ ದಿನಗಳಲ್ಲಿ ಕೆಲಸಕ್ಕೆ ಹೋದರು, ಮನೆಯ ಹಿರಿಯರ ಜೊತೆ ಊಟಕ್ಕೆ ಕುಳಿತರು.

ಇದನ್ನು ಹಿಡಿಯಲು ದೊಡ್ಡ ಯಂತ್ರವೇನೂ ಬೇಕಿರಲಿಲ್ಲ. ಮಾಹಿತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಲ್ಲೆಲ್ಲ ಎರಡೂ ಕಡೆ ಸಾಲು ಎಣಿಸಿದ್ದರೆ ಸಾಕಿತ್ತು. ಪ್ರಯೋಗಾಲಯದ ಕಡತದಲ್ಲಿ ಎಷ್ಟು, ಹಾಳೆಯಲ್ಲಿ ಎಷ್ಟು, ಪರದೆಯಲ್ಲಿ ಎಷ್ಟು. ಕಿರಾಣಿ ಅಂಗಡಿಯವರು ಲಾರಿಯಿಂದ ಮೂಟೆ ಇಳಿಸಿಕೊಳ್ಳುವಾಗ ಚೀಟಿ ಹಿಡಿದು ನಿಲ್ಲುತ್ತಾರಲ್ಲ, ಅದೇ ಕೆಲಸ. ಇನ್ನೊಂದು ಸುಳಿವೂ ಉಂಟು. ಕಡತದ ಸಾಲುಗಳು ಸರಿಯಾಗಿ 65,536ಕ್ಕೋ, ಹೊಸ ಎಕ್ಸೆಲ್ ಹಾಳೆಯ ಮಿತಿಯಾದ 10,48,576ಕ್ಕೋ ನಿಂತಿದ್ದರೆ ಅನುಮಾನಪಡಲೇಬೇಕು. ಸರಿಯಾಗಿ 1,000 ಸಾಲು ಬಂದರೂ ಅಷ್ಟೇ, ಏಕೆಂದರೆ ಕೆಲವು ತಂತ್ರಾಂಶಗಳು ಕೇಳದ ಹೊರತು ಅದಕ್ಕಿಂತ ಹೆಚ್ಚು ತೋರಿಸುವುದಿಲ್ಲ. ಜಗತ್ತಿನ ಲೆಕ್ಕಗಳು ಗಣಕದ ಮಿತಿಗೆ ಸರಿಯಾಗಿ ಬಂದು ನಿಲ್ಲುವುದು ಅಪರೂಪ.

ಲೆಕ್ಕ ಯಾವಾಗಲೂ ಕಡಿಮೆಯೇ ಆಗಬೇಕೆಂದಿಲ್ಲ, ಉಬ್ಬುವುದೂ ಉಂಟು. ನಮ್ಮದೇ ಜಿಲ್ಲೆಯೊಂದರ ಡೆಂಗಿ ಡ್ಯಾಶ್‌ಬೋರ್ಡ್ ಜುಲೈ ತಿಂಗಳಿಗೆ 437 ಪ್ರಕರಣ ತೋರಿಸುತ್ತಿದೆ ಎಂದುಕೊಳ್ಳೋಣ. ಪ್ರಯೋಗಾಲಯದ ರಿಜಿಸ್ಟರಿನಲ್ಲಿ ಇರುವುದು 412. ಹೊಸಬರು ಇಲ್ಲಿ ಮಾಡುವ ಸಾಮಾನ್ಯ ತಪ್ಪೆಂದರೆ ‘25 ತಾನೆ, ತಡವಾಗಿ ಬಂದಿರಬೇಕು’ ಎಂದು ಮುಂದೆ ಹೋಗುವುದು. ವ್ಯತ್ಯಾಸ ಚಿಕ್ಕದಾದರೂ ಕಾರಣ ಗೊತ್ತಾಗುವವರೆಗೆ ಬಿಡಬಾರದು. ಮೊದಲು ಎಲ್ಲ ಸಾಲುಗಳನ್ನೂ, ಬೇರೆ ಬೇರೆಯಾದ ಮಾದರಿ ಸಂಖ್ಯೆಗಳನ್ನೂ ಒಟ್ಟಿಗೆ ಎಣಿಸಬೇಕು:

```sql
SELECT COUNT(*), COUNT(DISTINCT sample_id)
FROM july_report
WHERE result = 'positive';
```

ಉತ್ತರ 437 ಮತ್ತು 412 ಎಂದು ಬಂದರೆ ಕೆಲವು ಮಾದರಿಗಳು ಎರಡೆರಡು ಸಲ ಕುಳಿತಿವೆ ಎಂದರ್ಥ. ಹಾಗೆ ಕುಳಿತ ಒಂದು ಮಾದರಿಯನ್ನು ಹಿಡಿದು, ರಿಜಿಸ್ಟರಿನಿಂದ ಪರದೆಯವರೆಗೆ ಅದರ ಜಾಡಿನಲ್ಲೇ ಹೋಗಬೇಕು. ರಿಜಿಸ್ಟರಿನಲ್ಲಿ ಆ ರೋಗಿಗೆ ಒಂದೇ ಸಾಲು. ವಿಳಾಸದ ಪಟ್ಟಿಯಲ್ಲಿ ಎರಡು: ಒಂದರಲ್ಲಿ ತನ್ನ ಮೊಬೈಲ್ ಸಂಖ್ಯೆ, ಇನ್ನೊಂದರಲ್ಲಿ ಮಗನದು. ತಾಲ್ಲೂಕಿನ ಹೆಸರು ತರಲೆಂದು ಎರಡು ಪಟ್ಟಿ ಜೋಡಿಸಿದಾಗ ಒಬ್ಬ ರೋಗಿ ಇಬ್ಬರಾದ. ಎರಡು ಸಂಖ್ಯೆ ಕೊಟ್ಟಿದ್ದ ಇನ್ನೂ 24 ಜನರ ಕಥೆಯೂ ಇದೇ. ಬರೀ ಮೊತ್ತವನ್ನು ದಿಟ್ಟಿಸುತ್ತ ಕುಳಿತರೆ ಇದು ಕಾಣುವುದಿಲ್ಲ. ಒಂದು ಸಾಲಿನ ಬೆನ್ನು ಹತ್ತಿದರೆ ಹತ್ತು ನಿಮಿಷದಲ್ಲಿ ಕಾಣುತ್ತದೆ.

ತಿಂಗಳ ಮೊತ್ತ 412ಕ್ಕೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ, ದಿನವಾರು ಲೆಕ್ಕವನ್ನೂ ತಾಳೆ ನೋಡಬೇಕು. ಸರ್ವರ್‌ಗಳು ಅನೇಕ ವೇಳೆ UTC ಸಮಯವನ್ನೇ ಬರೆದಿಡುತ್ತವೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ರಾತ್ರಿ ಪಾಳಿಯವರು ಜುಲೈ 11ರ ಬೆಳಗಿನ ಜಾವ 3 ಗಂಟೆಗೆ ದಾಖಲಿಸಿದ್ದು ಸರ್ವರ್‌ನಲ್ಲಿ ಜುಲೈ 10ರ ರಾತ್ರಿ 9.30 ಆಗಿರುತ್ತದೆ. ಅದು ಹಿಂದಿನ ದಿನದ ಖಾತೆಗೆ ಸೇರಿಹೋಗುತ್ತದೆ. ತಿಂಗಳ ಒಳಗೆ ಇದು ಒಂದು ದಿನದಿಂದ ಇನ್ನೊಂದಕ್ಕೆ ಜರುಗುವುದರಿಂದ ಮೊತ್ತ ಬದಲಾಗದೆ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. ಹಿಡಿಯಬೇಕಾದರೆ ನಡುರಾತ್ರಿಯಿಂದ ಬೆಳಗಿನ 5.30ರ ನಡುವೆ ದಾಖಲಾದ ನಾಲ್ಕೈದು ಮಾದರಿಗಳನ್ನು ಆರಿಸಿಕೊಂಡು, ರಿಜಿಸ್ಟರಿನ ದಿನಾಂಕವನ್ನೂ ಪರದೆಯ ದಿನಾಂಕವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ತಾಳೆಗೂ ಒಂದು ಮಿತಿಯಿದೆ. ರಿಜಿಸ್ಟರಿನಲ್ಲೇ ತಪ್ಪು ಬರೆದಿದ್ದರೆ ಪರದೆ ಆ ತಪ್ಪನ್ನು ನಿಷ್ಠೆಯಿಂದ ತೋರಿಸುತ್ತದೆ, ಎರಡೂ ಹೊಂದುತ್ತವೆ. ಅದನ್ನು ಹಿಡಿಯಲು ಆಸ್ಪತ್ರೆಗೇ ಫೋನ್ ಮಾಡಬೇಕು.

ವ್ಯತ್ಯಾಸ ಪ್ರಕಟಣೆಯ ಹೊತ್ತಿಗೂ ಬಗೆಹರಿಯದಿದ್ದರೆ ಅದನ್ನು ಸಂಖ್ಯೆಯ ಪಕ್ಕದಲ್ಲೇ ಬರೆಯಬೇಕು. ಬ್ರಿಟನ್ನಿನವರು ಕೊನೆಗೆ ಮಾಡಿದ್ದೂ ಅದನ್ನೇ. ತಾಂತ್ರಿಕ ದೋಷದಿಂದ ಕೆಲವು ಪ್ರಕರಣಗಳು ತಡವಾಗಿವೆ, ಮುಂದಿನ ದಿನಗಳ ಮೊತ್ತದಲ್ಲಿ ಹಿಂದಿನ ವಾರದವೂ ಸೇರಿರುತ್ತವೆ ಎಂಬ ಸೂಚನೆಯನ್ನು ಡ್ಯಾಶ್‌ಬೋರ್ಡಿನಲ್ಲೇ ಹಾಕಿದರು. ಫಲಿತಾಂಶದ ಕಡತಗಳನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದು ಇಳಿಸಿಕೊಳ್ಳತೊಡಗಿದರು. ವರದಿಯಾದ ದಿನದ ಲೆಕ್ಕದಲ್ಲಿ ಭಾನುವಾರದ 22,961 ಒಂಟಿ ಕಂಬದಂತೆ ನಿಂತಿತು. ಮಾದರಿ ತೆಗೆದ ದಿನದ ಲೆಕ್ಕದಲ್ಲಿ ಅದೇ ಪ್ರಕರಣಗಳು ತಮ್ಮ ತಮ್ಮ ದಿನಗಳಿಗೆ ಹಂಚಿಹೋದವು. ಆಗ ಗೆರೆ ಸೆಪ್ಟೆಂಬರ್ ಕೊನೆಯಿಂದಲೇ ಏರುತ್ತಿದ್ದುದು ಕಂಡಿತು.